ಆರು ಇಂಚಿನ ಹಾಸಿಗೆಯಲ್ಲಿ ಮೆಮೊರಿ ಫೋಮ್ ಎಷ್ಟು?

ನಿನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ, ದಾವಣಗೆರೆಯಿಂದ ಅತ್ತಿಗೆ ಒಂದು ಲಿಂಕ್ ಕಳಿಸಿದರು. "ಅಮ್ಮನಿಗೆ ಇದು ತರಿಸ್ಲಾ? ಆರ್ಥೋಪೆಡಿಕ್ ಅಂತೆ, ಮೆಮೊರಿ ಫೋಮ್ ಅಂತೆ, ಆರು ಇಂಚು, ನೂರು ರಾತ್ರಿ ಟ್ರಯಲ್." ನಮ್ಮ ಚಿಕ್ಕಪ್ಪನ ಹಾಸಿಗೆ ಅಂಗಡಿ ಗೊತ್ತಿರುವವರಿಗೆ ನಾನು ಯಾಕೆ ಮಲಗೋದು ಬಿಟ್ಟು ಆ ಪೇಜ್ ಓದುತ್ತಾ ಕೂತೆ ಅಂತ ಹೇಳಬೇಕಿಲ್ಲ.

ಓದಿದೆ. ಪೂರ್ತಿ ಓದಿದೆ. ಮೋಡದ ಮೇಲೆ ತೇಲುವ ಅನುಭವ, ಬೆನ್ನೆಲುಬಿಗೆ ಆಸರೆ, ನಗುನಗುತ್ತಾ ಎದ್ದು ಕೂತ ಹುಡುಗಿ ಎಲ್ಲ ಇದೆ. ಒಳಗೆ ಏನಿದೆ, ಎಷ್ಟಿದೆ ಅನ್ನೋದು ಮಾತ್ರ ಇಲ್ಲ. ಮೂರು ಪದರದ ಬಣ್ಣದ ಚಿತ್ರ ಹಾಕಿದ್ದಾರೆ, ಮೂರೂ ಸಮ ದಪ್ಪ ಕಾಣುತ್ತವೆ. ಕೆಳಗೆ ಪ್ರಶ್ನೋತ್ತರದಲ್ಲಿ ಯಾರೋ ಪುಣ್ಯಾತ್ಮರು ಮೆಮೊರಿ ಫೋಮ್ ಪದರ ಎಷ್ಟು ದಪ್ಪ ಅಂತ ಕೇಳಿದ್ದಾರೆ. ಉತ್ತರ, 20 ಎಂಎಂ. ಅಂದರೆ ಒಂದು ಇಂಚು ಕೂಡ ಇಲ್ಲ. ಉಳಿದ ಐದು ಚಿಲ್ಲರೆ ಇಂಚು ಮಾಮೂಲಿ ಫೋಮ್. ಬಾದಾಮಿ ಹಾಲು ಅಂತ ದುಡ್ಡು ತಗೊಂಡು ಮೇಲೆ ಒಂದು ಚೂರು ಬಾದಾಮಿ ತೇಲಿಬಿಟ್ಟ ಹಾಗೆ.

ಚಿಕ್ಕಪ್ಪ ಹತ್ತಿ ಹಾಸಿಗೆ ಹೊಲಿಯುವಾಗ ಗಿರಾಕಿ ಮೊದಲು ಕೇಳುತ್ತಿದ್ದದ್ದೇ "ಎಷ್ಟು ಕೆಜಿ ಹಾಕ್ತೀರಾ?" ಅಂತ. ಹತ್ತಿ ತೂಕ ಮಾಡಿ, ಕಣ್ಣೆದುರಿಗೇ ತುಂಬಿಸಬೇಕಿತ್ತು. ದಪ್ಪ ನೋಡಿ ಯಾರೂ ದುಡ್ಡು ಕೊಡುತ್ತಿರಲಿಲ್ಲ, ಯಾಕಂದ್ರೆ ಹಿಂಜಿದ ಹತ್ತಿ ಸ್ವಲ್ಪವೇ ಇದ್ದರೂ ಉಬ್ಬಿ ಕೂತಿರುತ್ತೆ ಅಂತ ಎಲ್ಲರಿಗೂ ಗೊತ್ತಿತ್ತು. ಫೋಮ್ ಕೂಡ ಅಷ್ಟೇ ರೀ! ಒಳಗೆ ಗಾಳಿ ಎಷ್ಟು, ಸರಕು ಎಷ್ಟು ಅನ್ನೋದು ಡೆನ್ಸಿಟಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತೆ ಅನ್ನುವ ಲೆಕ್ಕ ಅದು. ಆ ಒಂದು ಸಂಖ್ಯೆ ಬರೆಯೋಕೆ ಇವರಿಗೆ ಜಾಗ ಸಿಗಲಿಲ್ಲ. ಮೋಡಕ್ಕೆ ಸಿಕ್ಕಿತು.

ಆದರೆ ಕೆಳಗೆ ಮೂಲೆಯಲ್ಲಿ ತೂಕ ಬರೆದಿದ್ದರು, 13 ಕೆಜಿ ಅಂತ. ಅಲ್ಲಿ ಸಿಕ್ಕಿಬಿದ್ದರು. 72 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪ ಅಂದರೆ ಹೆಚ್ಚುಕಡಿಮೆ 0.425 ಘನ ಮೀಟರ್. ಬಟ್ಟೆ, ಜಿಪ್ಪು ಅಂತ ಒಂದು ಕೆಜಿ ಬಿಡಿ. ಉಳಿದ 12 ಕೆಜಿಯನ್ನು 0.425ರಿಂದ ಭಾಗಿಸಿದರೆ 28. ಮೇಲಿನ ಮೆಮೊರಿ ಫೋಮ್ ಸ್ವಲ್ಪ ಭಾರದ್ದೇ ಇರುತ್ತೆ, ಹಾಗಾಗಿ ಕೆಳಗಿನದು ಆ 28ಕ್ಕಿಂತಲೂ ಕಡಿಮೆ. ಎಲ್ಲವೂ 40ರ ಫೋಮ್ ಆಗಿದ್ದರೆ ಬರೀ ಫೋಮೇ 17 ಕೆಜಿ ತೂಗಬೇಕಿತ್ತು. ದಿನಾ ಮಲಗುವ ಹಾಸಿಗೆಯ ತಳಕ್ಕೆ ಇಪ್ಪತ್ತು ಚಿಲ್ಲರೆ ಡೆನ್ಸಿಟಿ ಹಾಕಿದರೆ ಮೊದಲ ತಿಂಗಳು ಚೆನ್ನಾಗೇ ಇರುತ್ತೆ, ಆಮೇಲೆ ಸೊಂಟ ಬೀಳುವ ಜಾಗ ಸೋಲುತ್ತಾ ಹೋಗುತ್ತೆ.

ಭಾರ ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ ಮತ್ತೆ. ಫೋಮ್ ಚೂರುಗಳನ್ನು ಅಂಟು ಹಾಕಿ ಒತ್ತಿದ ರೀಬಾಂಡೆಡ್ ಹಾಸಿಗೆ ಇದರ ಎರಡು ಮೂರು ಪಟ್ಟು ತೂಗುತ್ತೆ, ಹಲಗೆ ಹಾಗೆ ಗಟ್ಟಿ ಇರುತ್ತೆ. ಡೆನ್ಸಿಟಿ ಹೇಳುವುದು ಬಾಳಿಕೆ. ಮೆತ್ತಗೋ ಗಟ್ಟಿಯೋ ಅನ್ನೋದು ಬೇರೆ ಲೆಕ್ಕ, ಫೋಮನ್ನು ಅದರ ದಪ್ಪದ ಕಾಲು ಭಾಗ ಒತ್ತೋಕೆ ಎಷ್ಟು ಬಲ ಬೇಕು ಅಂತ ಅಳೆಯುತ್ತಾರೆ. ಅದೂ ಪೇಜಿನಲ್ಲಿ ಇಲ್ಲ ಬಿಡಿ. "ಮೀಡಿಯಂ ಫರ್ಮ್, 7/10" ಅಂತ ಇದೆ. ಯಾರ ಹತ್ತು ಅದು? ನಮ್ಮಮ್ಮ ಐವತ್ತು ಕೆಜಿ, ಅಣ್ಣ ತೊಂಬತ್ತು. ಅಮ್ಮನಿಗೆ ಗಟ್ಟಿ ಅನ್ನಿಸಿದ ಹಾಸಿಗೆಯಲ್ಲಿ ಅಣ್ಣ ಹೂತುಹೋಗುತ್ತಾನೆ. ಮೆಮೊರಿ ಫೋಮ್ ಬೇರೆ ಬಿಸಿಗೆ ಮೆತ್ತಗಾಗುವ ವಸ್ತು, ದಾವಣಗೆರೆಯ ಏಪ್ರಿಲ್‌ಗೂ ಡಿಸೆಂಬರ್‌ಗೂ ಒಂದೇ ಏಳು ಹೇಗಾಗುತ್ತೆ?

ಇನ್ನು "ಆರ್ಥೋಪೆಡಿಕ್". ಬೆನ್ನುನೋವಿಗೆ ಹಾಸಿಗೆ ಎಷ್ಟು ಗಟ್ಟಿ ಇದ್ದರೆ ಅಷ್ಟು ಒಳ್ಳೆಯದು ಅಂತ ನಮ್ಮ ಮನೆಯಲ್ಲೂ ನಂಬಿದ್ದಾರೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪೇನ್‌ನ ಒಂದು ಅಧ್ಯಯನ ಬಂತು. ಬಹಳ ದಿನದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ಮಧ್ಯಮದವರೇ ಹೆಚ್ಚು ಸುಧಾರಿಸಿದ್ದು. ಅಲ್ಲಿ ಅಳತೆ ಮಾಡಿದ ಹಾಸಿಗೆ ಇತ್ತು. ಇಲ್ಲಿ ಬರೀ ಆ ಪದ ಇದೆ, ಬರೆಯೋಕೆ ಯಾವ ಡಾಕ್ಟರ ಸಹಿಯೂ ಬೇಕಿಲ್ಲ. ತಮಾಷೆ ಅಂದ್ರೆ ಆ ಅಧ್ಯಯನದ ಅಳತೆಯಲ್ಲಿ 1 ಅಂದರೆ ಅತಿ ಗಟ್ಟಿ, 10 ಅಂದರೆ ಅತಿ ಮೆತ್ತಗೆ. ಈ ಪೇಜಿನವರ ಏಳು ಅದಕ್ಕೆ ಉಲ್ಟಾ.

"ಅಷ್ಟೊಂದು ಯಾಕೆ ತಲೆ ಕೆಡಿಸ್ಕೋತೀಯಾ, ನೂರು ರಾತ್ರಿ ಟ್ರಯಲ್ ಇದೆಯಲ್ಲ, ಆಗದಿದ್ರೆ ವಾಪಸ್" ಅಂದ ಅಣ್ಣ. ಸರಿ, ಷರತ್ತು ಓದೋಣ ಅಂತ ಸಣ್ಣ ಅಕ್ಷರ ದೊಡ್ಡದು ಮಾಡಿದೆ. ಟ್ರಯಲ್ ಇರೋದು ಅವರ ಸ್ವಂತ ಸೈಟಿನಲ್ಲಿ ಕೊಂಡರೆ ಮಾತ್ರ. ಅತ್ತಿಗೆ ಕಳಿಸಿದ ಲಿಂಕ್ ಬೇರೆ ಸೈಟಿನದ್ದು, ಅಲ್ಲಿ ಹತ್ತು ದಿನದೊಳಗೆ, ಹಾಳಾಗಿ ಬಂದಿದ್ದರೆ, ಬದಲಿ ಹಾಸಿಗೆ. ಸ್ವಂತ ಅಳತೆ ಕೊಟ್ಟು ಮಾಡಿಸಿದರೆ ವಾಪಸ್ಸೇ ಇಲ್ಲ. ನಮ್ಮಮ್ಮನ ಮಂಚ ಅಪ್ಪ ಬಡಗಿ ಕೈಲಿ ಮಾಡಿಸಿದ್ದು, ಒಳಗಿನ ಅಳತೆ 75ಕ್ಕೆ 48. ಸಿದ್ಧ ಸೈಜ್‌ನ 72 ಹಾಕಿದರೆ ಕಾಲಕಡೆ ಮೂರು ಇಂಚು ಸಂದಿ, ಕಸ್ಟಮ್ ಹೇಳಿದರೆ ಟ್ರಯಲ್ ಹೋಯ್ತು! ಸುತ್ತಿ, ಗಾಳಿ ತೆಗೆದು ಕಳಿಸುವ ಹಾಸಿಗೆ ಒಮ್ಮೆ ಬಿಚ್ಚಿದರೆ ಮತ್ತೆ ಆ ಡಬ್ಬಿಗೆ ಹೋಗಲ್ಲ ಅನ್ನೋದು ಬೇರೆ. ಅವರು ಬಂದು ಒಯ್ಯುವವರೆಗೂ ಅದನ್ನು ಗೋಡೆಗೆ ಒರಗಿಸಿಕೊಂಡು ಇರಬೇಕಾದವರು ಮೊಣಕಾಲು ನೋವಿನ ನಮ್ಮಮ್ಮ. ಅಣ್ಣ ಬರಲ್ಲ, ಅವನಿಗೆ ಆಫೀಸ್ ಇರುತ್ತೆ. (ಓದುತ್ತೀಯ ಅಂತ ಗೊತ್ತು ಕಣೋ.)

ಹತ್ತು ವರ್ಷದ ವಾರಂಟಿಯನ್ನೂ ನೋಡಿಬಿಡಿ. ಯಾರೂ ಮಲಗದೇ ಇರುವಾಗ ಕುಳಿ ಒಂದು ಇಂಚಿಗಿಂತ ಆಳ ಇರಬೇಕಂತೆ. ಅಡ್ಡ ಒಂದು ದಾರ ಬಿಗಿದು, ಅಲ್ಲಿಂದ ಸ್ಕೇಲ್ ಇಟ್ಟು ಅಳೆದು ಫೋಟೋ ಕಳಿಸಬೇಕು. ಸೋತ ಫೋಮ್ ಖಾಲಿ ಇದ್ದಾಗ ಚೆನ್ನಾಗೇ ಉಬ್ಬಿರುತ್ತೆ ರೀ, ಮಲಗಿದಾಗ ಕುಸಿಯುತ್ತೆ. ಅದು ಲೆಕ್ಕಕ್ಕೆ ಬರಲ್ಲ. ಕಲೆ ಆಗಿದ್ದರೂ ವಾರಂಟಿ ಇಲ್ಲ, ಮಂಚದ ಪಟ್ಟಿಗಳ ಮಧ್ಯೆ ಸಂದಿ ಜಾಸ್ತಿ ಇದ್ದರೂ ಇಲ್ಲ.

ಇವತ್ತು ಬೆಳಿಗ್ಗೆ ಅತ್ತಿಗೆ ಕೈಲಿ ಅವರಿಗೇ ಬರೆಸಿದೆ: ಪ್ರತಿ ಪದರದ ದಪ್ಪ ಎಷ್ಟು, ಡೆನ್ಸಿಟಿ ಎಷ್ಟು, ಬಿಲ್ಲಿನಲ್ಲಿ ಅದನ್ನು ಬರೆದುಕೊಡ್ತೀರಾ? "ನಮ್ಮದು ಪ್ರೀಮಿಯಂ ಡೆನ್ಸಿಟಿ ಮೇಡಂ" ಅಂತ ಉತ್ತರ, ಜೊತೆಗೆ ಒಂದು ಕೂಪನ್. ಸಂಖ್ಯೆ ಹೇಳಿ ಅಂದರೆ ಮತ್ತೆ ಅದೇ ಕೂಪನ್.

ದಾವಣಗೆರೆ, ಹರಿಹರ ಕಡೆಯವರು ಯಾರಾದರೂ ಇದ್ದರೆ ಹೇಳಿ, ಜಿಪ್ ಬಿಚ್ಚಿ ಒಳಗಿನ ಫೋಮ್ ತೋರಿಸಿ, 75ಕ್ಕೆ 48 ಕತ್ತರಿಸಿಕೊಡುವ ಅಂಗಡಿ ಎಲ್ಲಿದೆ? ತಳಕ್ಕೆ 40, ಮೇಲೆ ಎರಡು ಇಂಚು ಮೆತ್ತನೆಯದು, ಒಟ್ಟು ಐದು ಇಂಚು ಸಾಕು. ಮಂಚ ಎತ್ತರ ಇದೆ, ಅದಕ್ಕಿಂತ ದಪ್ಪ ಆದರೆ ಅಮ್ಮನ ಕಾಲು ನೆಲಕ್ಕೆ ಸಿಗಲ್ಲ.