ಕ್ಯಾಶ್ ಆನ್ ಡೆಲಿವರಿ ಮತ್ತು ಆರ್ಡರ್ ರದ್ದತಿ: ಸ್ಪಷ್ಟನೆ

“ಕ್ಯಾಶ್ ಆನ್ ಡೆಲಿವರಿ ಆರ್ಡರ್‌ಗಳು ರವಾನೆಗೆ ಮೊದಲೇ ಎರಡು ಪಟ್ಟು ಹೆಚ್ಚು ರದ್ದಾಗುತ್ತವೆ. ಆ ಆಯ್ಕೆ ತೆಗೆದರೆ ಸಮಸ್ಯೆ ಮುಗಿಯಿತು.”

ಆನ್‌ಲೈನ್ ಅಂಗಡಿಗಳ ಬಗ್ಗೆ ಹೀಗೊಂದು ವಾದವಿದೆ. ಇದರ ಮೊದಲ ವಾಕ್ಯ ನಿಜವಿರಬಹುದು. ಎರಡನೆಯದು ಅದರಿಂದ ಹುಟ್ಟುವುದಿಲ್ಲ.

ಒಂದು ಕಾಲ್ಪನಿಕ ಲೆಕ್ಕ ನೋಡಿ. ಕ್ಯಾಶ್ ಆನ್ ಡೆಲಿವರಿಯ 1000 ಆರ್ಡರ್‌ಗಳಲ್ಲಿ 130 ರದ್ದು, ಮುಂಗಡ ಪಾವತಿಯ 1000ದಲ್ಲಿ 60. ಈಗ ಇವನ್ನೇ ತಲುಪಿಸುವ ಅವಧಿಯಂತೆ ಬಿಡಿಸಿ. ಕ್ಯಾಶ್ ಆರ್ಡರ್‌ಗಳಲ್ಲಿ 800ಕ್ಕೆ ಏಳು ದಿನದ ಭರವಸೆ, 200ಕ್ಕೆ ಎರಡೇ ದಿನ. ಮುಂಗಡದಲ್ಲಿ ಇದು ತಿರುವುಮುರುವು. ಏಳು ದಿನದ ಗುಂಪಿನಲ್ಲಿ ಕ್ಯಾಶ್ ರದ್ದತಿ ಶೇ. 15, ಮುಂಗಡದ್ದು ಶೇ. 14. ಎರಡು ದಿನದಲ್ಲಿ ಶೇ. 5 ಮತ್ತು ಶೇ. 4. ಪಾವತಿಯಿಂದ ಬಂದ ವ್ಯತ್ಯಾಸ ನೂರಕ್ಕೆ ಒಂದೇ ಆರ್ಡರ್, ಉಳಿದದ್ದೆಲ್ಲ ಕಾಯುವಿಕೆಯದು. ದೂರದ ಊರುಗಳಿಂದ ಕ್ಯಾಶ್ ಆರ್ಡರ್ ಹೆಚ್ಚು ಬರುವ ಕಡೆ ಇಂಥ ಗೊಂದಲ ಸುಲಭವಾಗಿ ಆಗುತ್ತದೆ.

ಬಿಡಿಸುವಾಗ ಆರ್ಡರ್ ಮಾಡಿದ ಕ್ಷಣದಲ್ಲಿ ಗ್ರಾಹಕರಿಗೆ ತೋರಿಸಿದ ದಿನಾಂಕವನ್ನೇ ಹಿಡಿಯಬೇಕು. ಎಷ್ಟೋ ಡೇಟಾಬೇಸ್‌ಗಳಲ್ಲಿ ದಿನಾಂಕ ಮುಂದೂಡಿದಾಗ ಹಳೆಯದು ಅಳಿಸಿಹೋಗುತ್ತದೆ. ಆಗ ಎರಡು ದಿನದ ಭರವಸೆ ಮುರಿದು ರದ್ದಾದ ಆರ್ಡರ್ ಏಳು ದಿನದ ಗುಂಪಿಗೆ ಸೇರಿ, ತಪ್ಪು ಗೋದಾಮಿನದೋ ಅವಧಿಯದೋ ಗೊತ್ತಾಗುವುದೇ ಇಲ್ಲ.

ಸ್ಟಾಕ್ ಇಲ್ಲವೆಂದು ಮಾರಾಟಗಾರರೇ ರದ್ದು ಮಾಡಿದ್ದನ್ನೂ, ಹಣ ಪಾವತಿಯಾಗದೆ ತಾನಾಗಿ ರದ್ದಾದದ್ದನ್ನೂ ಬೇರೆ ಎತ್ತಿಡಿ. ಎರಡನೆಯದು ಮುಂಗಡ ಪಾವತಿಯ ಲೆಕ್ಕವನ್ನಷ್ಟೇ ಉಬ್ಬಿಸುತ್ತದೆ.

ಇಷ್ಟಾದ ಮೇಲೂ ಒಂದೇ ಅವಧಿಯ ಗುಂಪಿನೊಳಗೆ ದೊಡ್ಡ ಅಂತರ ಉಳಿದರೆ, ಕ್ಯಾಶ್ ಆನ್ ಡೆಲಿವರಿಯ ಮೇಲೆ ಅನುಮಾನಪಡಲು ಆಗ ಕಾರಣವಿದೆ.