ಪಾಸ್‌ವರ್ಡ್ ಬದಲಿಸಿದರೆ ಮುಗಿಯಿತೇ?

ಫಾರ್ವರ್ಡ್ ಆಗುತ್ತಿರುವ ಮಾತು: “ಕೆಲಸದವರು ಬಿಟ್ಟು ಹೋದ ದಿನ ಪಾಸ್‌ವರ್ಡ್ ಬದಲಿಸಿ, ನಿಮ್ಮ ಬಿಸಿನೆಸ್ ಅಕೌಂಟ್ ಸೇಫ್.”

ಸತ್ಯಾಂಶ: ಅರ್ಧ ಮಾತ್ರ ನಿಜ.

ಫೇಸ್‌ಬುಕ್ ಪೇಜ್ ನೋಡಿ. ಅದಕ್ಕೆ ಬೇರೆ ಪಾಸ್‌ವರ್ಡೇ ಇರುವುದಿಲ್ಲ. ಪೇಜ್ ನೋಡಿಕೊಳ್ಳುತ್ತಿದ್ದವರು ತಮ್ಮ ಸ್ವಂತ ಪ್ರೊಫೈಲ್‌ನಿಂದಲೇ ಒಳಗೆ ಬರುತ್ತಾರೆ. ನೀವು ನಿಮ್ಮ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವರ ದಾರಿ ಮುಚ್ಚುವುದಿಲ್ಲ. ಪೇಜ್ ಆಕ್ಸೆಸ್ ಪಟ್ಟಿಯಿಂದ ಅವರ ಹೆಸರನ್ನೇ ತೆಗೆಯಬೇಕು. ಅವರಿಗೆ ಪೂರ್ತಿ ನಿಯಂತ್ರಣ ಕೊಟ್ಟಿದ್ದರೆ, ನಿಮಗಿಂತ ಮೊದಲು ಅವರೇ ನಿಮ್ಮನ್ನು ತೆಗೆಯಬಹುದು! ಪೋಸ್ಟ್ ಹಾಕುವವರಿಗೆ ಅಷ್ಟು ಅಧಿಕಾರ ಯಾಕೆ, ಅಲ್ವಾ?

ಎಲ್ಲರೂ ಸೇರಿ ಬಳಸುವ ಜಿಮೇಲ್‌ನ ಕಥೆ ಬೇರೆ. ಇಲ್ಲಿ ಪಾಸ್‌ವರ್ಡ್ ಬದಲಾವಣೆ ಕೆಲಸಕ್ಕೆ ಬರುತ್ತದೆ. ಆದರೆ ರಿಕವರಿ ನಂಬರ್ ಹೋದವರದ್ದೇ ಆಗಿದ್ದರೆ, “ಪಾಸ್‌ವರ್ಡ್ ಮರೆತಿದೆ” ಎಂದು ಒತ್ತಿ ಮತ್ತೆ ಒಳಗೆ ಬರಲು ಅವರು ಯತ್ನಿಸಬಹುದು. ಎರಡು ಹಂತದ ಪರಿಶೀಲನೆಯ ಕೋಡ್ ಅವರ ಫೋನಿಗೇ ಹೋಗುತ್ತಿದ್ದರೆ ಹೊರಗೆ ಉಳಿಯುವವರು ನೀವೇ. ನಾನು ಕಂಡಂತೆ ಜಾಸ್ತಿ ಜನ ಎಡವುವುದು ಇಲ್ಲೇ.

ಹಾಗಾಗಿ ಅವರು ಇನ್ನೂ ಎದುರಿಗಿದ್ದಾಗಲೇ, ಕೊನೆಯ ದಿನ, ಕೆಲಸ ಶುರುಮಾಡಿ. ಮೊದಲು ನಿಮ್ಮ ಫೋನ್ ಸೇರಿಸಿ, ಕೋಡ್ ಬರುತ್ತದೆಯೇ ನೋಡಿ. ಆಮೇಲೆ ಅವರ ನಂಬರ್, ರಿಕವರಿ ಇಮೇಲ್ ತೆಗೆಯಿರಿ. ಫೋನ್ ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಹೊಸದಾಗಿ ಪಡೆಯಿರಿ, ಹಳೆಯ 10 ಕೋಡ್‌ಗಳು ಆಗಲೇ ರದ್ದಾಗುತ್ತವೆ. ಪಾಸ್‌ವರ್ಡ್ ಬದಲಿಸಿ, ಅವರ ಸಾಧನಗಳನ್ನು ಸೈನ್ ಔಟ್ ಮಾಡಿ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಮಾತ್ರ ಅವಸರ ನಡೆಯುವುದಿಲ್ಲ. ಹೊಸದಾಗಿ ಸೇರಿದ ಓನರ್ ಬೇರೆ ಓನರ್‌ಗಳನ್ನು ತೆಗೆಯಲು 7 ದಿನ ಕಾಯಬೇಕು.