ದೋಸ್ತಿಗಳ ಚಾನೆಲ್: ಬಿಟ್ಟು ಹೋಗುವವರ ಪುಟವನ್ನು ಮೊದಲು ಬರೆಯಿರಿ

ಕಂಬಳ, ಯಕ್ಷಗಾನ, ಮೀನೂಟದ ಹೋಟೆಲು, ತುಳು ಕಾಮಿಡಿ. ದೋಸ್ತಿಗಳು ಸೇರಿ ನಡೆಸುವ ಯೂಟ್ಯೂಬ್ ಚಾನೆಲ್ ನಮ್ಮ ಮಂಗಳೂರು, ಉಡುಪಿ ಕಡೆ ಈಗ ಊರಿಗೊಂದಾದರೂ ಇರುತ್ತದೆ. ನಾನು ಎಡಿಟಿಂಗ್ ಮಾಡುವವನು. ಹಾಗಾಗಿ ಇಂಥ ತಂಡಗಳ ಒಳಗಿನ ವ್ಯವಹಾರ ನನಗೆ ಸ್ವಲ್ಪ ಜಾಸ್ತಿಯೇ ಕಾಣುತ್ತದೆ. ಒಪ್ಪಂದ ಬರೆಯೋಣ ಅಂತ ಕೂತವರೆಲ್ಲ ಮೊದಲು ಹಿಡಿಯುವುದು ದುಡ್ಡು ಹಂಚುವ ಮಾತನ್ನು. ಒಬ್ಬ ಬಿಟ್ಟು ಹೋದರೆ ಎಂತ ಮಾಡುವುದು ಅನ್ನುವುದನ್ನು ಮೊದಲು ಬರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅದನ್ನು ಬರೆಯಲು ಕೂತರೆ ಚಾನೆಲ್ ಯಾರದ್ದು, ಯಾರ ಕೆಲಸ ಯಾವುದು, ಪಾಲು ಎಷ್ಟು ಎಲ್ಲವೂ ತಾನಾಗಿ ಮಾತಿಗೆ ಬರುತ್ತದೆ.

ಉಡುಪಿ ಹತ್ತಿರದ ಮೂವರ ವಿಷಯ ಹೇಳುತ್ತೇನೆ. ಕಂಬಳ ಮತ್ತು ಹೋಟೆಲುಗಳ ಚಾನೆಲ್. ಒಬ್ಬ ಕ್ಯಾಮೆರಾ ಮುಂದೆ ನಿಂತು ಮಾತಾಡುತ್ತಿದ್ದ. ಇನ್ನೊಬ್ಬನದ್ದು ಶೂಟಿಂಗ್, ಕ್ಯಾಮೆರಾ ಮತ್ತು ಡ್ರೋನ್ ಅವನ ಸ್ವಂತದ್ದು. ಮೂರನೆಯವಳು ಎಡಿಟಿಂಗ್ ಮಾಡಿ, ಜಾಹೀರಾತು ಕೊಡುವವರ ಜೊತೆ ಮಾತಾಡುತ್ತಿದ್ದಳು. ಮೂರನೇ ವರ್ಷದಲ್ಲಿ ಮಾತಾಡುವವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಜಗಳ ಏನೂ ಇರಲಿಲ್ಲ. ಆದರೆ ಹೊರಡುವ ಮುಂಚೆ ಅವನು ಕೇಳಿದ: "ನಾನು ಮಾತಾಡಿದ ವಿಡಿಯೋ ಇನ್ನೂ ಓಡ್ತಾ ಉಂಟಲ್ಲ ಮಾರಾಯ, ಅದರ ದುಡ್ಡು?"

ನ್ಯಾಯವಾದ ಪ್ರಶ್ನೆ ಅಲ್ವಾ? ಉತ್ತರ ಯಾರ ಹತ್ತಿರವೂ ಇರಲಿಲ್ಲ, ಏಕೆಂದರೆ ಅವರು ಏನನ್ನೂ ಬರೆದಿಟ್ಟಿರಲಿಲ್ಲ.

ಬರೆಯದೇ ಇದ್ದರೆ ಕಾನೂನು ಸುಮ್ನೆ ಇರುವುದಿಲ್ಲ. ಒಟ್ಟಿಗೆ ವ್ಯವಹಾರ ಮಾಡಿ ಲಾಭ ಹಂಚಿಕೊಳ್ಳುವವರನ್ನು 1932ರ ಪಾಲುದಾರಿಕೆ ಕಾಯ್ದೆ ಪಾಲುದಾರರು ಅಂತ ನೋಡಬಹುದು, ಕಾಗದ ಇಲ್ಲದಿದ್ದರೂ. ಬೇರೆ ಒಪ್ಪಂದ ಇಲ್ಲದಿದ್ದರೆ ಸೆಕ್ಷನ್ 13 ಹೇಳುವುದು ಇಷ್ಟು: ಲಾಭ ಸಮಪಾಲು, ಮಾಡಿದ ಕೆಲಸಕ್ಕೆ ಬೇರೆ ಸಂಬಳ ಇಲ್ಲ. ಅಂದರೆ ರಾತ್ರಿ ಕೂತು ಎಡಿಟ್ ಮಾಡುವವಳಿಗೂ, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗುವವನಿಗೂ ಒಂದೇ ಪಾಲು. ಇದು ಬೇಡ ಅಂತಾದರೆ ಕೆಲಸವನ್ನು ಹೆಸರಿಸಿ ಬರೆಯಬೇಕು. ಮುಂದಿನ ವಿಡಿಯೋಗಳಿಗೆ ಇವರು ಕೊನೆಗೆ ಒಪ್ಪಿಕೊಂಡ ಲೆಕ್ಕ ನನಗೆ ಹಿಡಿಸಿತು. ಬಂದ ದುಡ್ಡಿನಲ್ಲಿ ಮೊದಲು ಪೆಟ್ರೋಲ್, ಊಟದಂಥ ಖರ್ಚು ಹೋಗಬೇಕು. ಆಮೇಲೆ ಎಡಿಟಿಂಗಿಗೆ ವಿಡಿಯೋಗೆ ಇಷ್ಟು, ಕ್ಯಾಮೆರಾ, ಡ್ರೋನ್ ಬಾಡಿಗೆ ಇಷ್ಟು. ಉಳಿದದ್ದು ಸಮಪಾಲು.

ಇನ್ನು ಹಳೆಯ ವಿಡಿಯೋಗಳ ಮಾತು. ಇಲ್ಲಿ ಬಾಯಿಮಾತಿನ ಅಂದಾಜು ಬೇಡ, ಲೆಕ್ಕ ಹಾಕುವ ದಾರಿ ಇದೆ. ಯೂಟ್ಯೂಬ್ ಅನಾಲಿಟಿಕ್ಸ್‌ನಲ್ಲಿ ವಿಡಿಯೋಗಳನ್ನು ಸೇರಿಸಿ ಒಂದು ಗ್ರೂಪ್ ಮಾಡಬಹುದು. ಅವನು ಹೊರಡುವ ದಿನದವರೆಗಿನ ವಿಡಿಯೋಗಳನ್ನೆಲ್ಲ ಒಂದು ಗ್ರೂಪಿಗೆ ಹಾಕಿದರು. ಪ್ರತಿ ತಿಂಗಳು ಆ ಗ್ರೂಪಿನ ಆದಾಯ ಎಷ್ಟು ಅಂತ ಅಲ್ಲೇ ಕಾಣುತ್ತದೆ. ಆದರೆ ಅದು ಅಂದಾಜು ಆದಾಯ. ಬ್ಯಾಂಕಿಗೆ ಬರುವ ಮೊತ್ತ ಬೇರೆ ಇರುತ್ತದೆ. ಹಾಗಾಗಿ ಅಲ್ಲಿಂದ ಶೇಕಡಾ ಮಾತ್ರ ತೆಗೆದುಕೊಂಡು, ಅದನ್ನು ಬ್ಯಾಂಕಿಗೆ ಬಂದ ದುಡ್ಡಿಗೆ ಹಾಕಬೇಕು. ಒಂದು ತಿಂಗಳು ಬ್ಯಾಂಕಿಗೆ 48,000 ರೂಪಾಯಿ ಬಂತು, ಹಳೆಯ ಗ್ರೂಪಿನ ಪಾಲು ಶೇ. 40 ಅಂತ ಇಟ್ಟುಕೊಳ್ಳಿ. ಆಗ ಹಳೆಯ ವಿಡಿಯೋಗಳ ದುಡ್ಡು 19,200. ಅದರ ಮೂರನೇ ಒಂದು ಭಾಗ 6,400 ಅವನದ್ದು. ಹೊಸ ವಿಡಿಯೋಗಳಲ್ಲಿ ಅವನಿಗೆ ಪಾಲು ಇಲ್ಲ. ಇದು 24 ತಿಂಗಳು ನಡೆಯಬೇಕು, ಆಮೇಲೆ ಮುಗಿಯಿತು ಅಂತ ಬರೆದುಕೊಂಡರು. ಅವಧಿ ಎಷ್ಟು ಬೇಕಾದರೂ ಇರಲಿ, ಆದರೆ ಕೊನೆ ಅಂತ ಒಂದು ದಿನ ಇರಲೇಬೇಕು. ಹೋದವನಿಗೆ ಚಾನೆಲ್‌ನಲ್ಲಿ Viewer ಅನುಮತಿ ಕೊಟ್ಟರೆ ಆದಾಯದ ಅಂಕಿ ಅವನಿಗೂ ಕಾಣುತ್ತದೆ, ಏನನ್ನೂ ಬದಲಿಸಲು ಆಗುವುದಿಲ್ಲ. ಅನುಮಾನಕ್ಕೆ ಜಾಗವೇ ಇರುವುದಿಲ್ಲ. ನೇರವಾಗಿ ಕೊಡುವ ಜಾಹೀರಾತಿನ ದುಡ್ಡು ಅನಾಲಿಟಿಕ್ಸ್‌ನಲ್ಲಿ ಬರುವುದಿಲ್ಲ, ಅದಕ್ಕೆ ಬೇರೆ ಪುಸ್ತಕ ಇಡಬೇಕು.

ಇಷ್ಟೆಲ್ಲ ಬರೆದರೂ ಚಾನೆಲ್ ಒಬ್ಬನ ಸ್ವಂತ ಜಿಮೇಲ್‌ನಲ್ಲಿ ಇದ್ದರೆ ಎಲ್ಲ ವ್ಯರ್ಥ. ಇವರದ್ದು ಹಾಗೇ ಇತ್ತು. ಹೋಗುವವನದ್ದೇ ಜಿಮೇಲ್, ಉಳಿದಿಬ್ಬರ ಹತ್ತಿರ ಬರೀ ಪಾಸ್‌ವರ್ಡ್. ಚಾನೆಲನ್ನು ಅಲ್ಲಿಂದ ಬ್ರ್ಯಾಂಡ್ ಅಕೌಂಟಿಗೆ ಸಾಗಿಸಬೇಕು. ಅಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯನ್ನು Owner ಮಾಡಬಹುದು. ಆದರೆ Primary owner ಒಬ್ಬರೇ. ಆ ಜಾಗಕ್ಕೆ ಬರುವವರು ಕನಿಷ್ಠ 7 ದಿನ ಮೊದಲೇ Owner ಆಗಿರಬೇಕು. ವಿಮಾನ ಹತ್ತುವ ಹಿಂದಿನ ರಾತ್ರಿ ಮಾಡುವ ಕೆಲಸ ಇದಲ್ಲ. ಹಾಗಾಗಿ ಬಿಡುವವರು ಎರಡು ತಿಂಗಳು ಮೊದಲೇ ಬರವಣಿಗೆಯಲ್ಲಿ ತಿಳಿಸಬೇಕು, ಮೊದಲ ವಾರದಲ್ಲೇ ಖಾತೆ ಬದಲಾಗಬೇಕು ಅಂತ ಷರತ್ತು ಹಾಕಿ. ಯೂಟ್ಯೂಬಿನ ದುಡ್ಡು ಬರುವ ಆಡ್‌ಸೆನ್ಸ್ ಖಾತೆಯ ವಿಷಯದಲ್ಲೂ ಎಚ್ಚರ ಬೇಕು. ಯೂಟ್ಯೂಬ್ ಮೂವರಿಗೆ ಹಂಚಿ ಕೊಡುವುದಿಲ್ಲ. ದುಡ್ಡು ಒಂದೇ ಹೆಸರಿಗೆ ಬರುತ್ತದೆ. ಅದು ಒಬ್ಬನ ಖಾತೆಯಾದರೆ ಪೂರ್ತಿ ಮೊತ್ತ ಅವನ ಆದಾಯದ ಹಾಗೆ ಕಾಣುತ್ತದೆ, ತೆರಿಗೆಯ ತಲೆನೋವು ಅವನೊಬ್ಬನಿಗೆ. ದುಡ್ಡು ಬರಲು ಶುರುವಾದರೆ ಪಾಲುದಾರಿಕೆ ಸಂಸ್ಥೆಯ ಹೆಸರಲ್ಲಿ ಪ್ಯಾನ್ ಮತ್ತು ಕರೆಂಟ್ ಅಕೌಂಟ್ ಮಾಡಿಸಿಕೊಳ್ಳುವುದೇ ಒಳ್ಳೆಯದು.

ನನಗೆ ತುಂಬ ಮುಖ್ಯ ಅನಿಸುವುದು ಚಿತ್ರೀಕರಿಸಿದ ದೃಶ್ಯಗಳ ಹಕ್ಕು. ಡ್ರೋನ್ ಹಾರಿಸಿದವನು ನಾಳೆ ಸಿಟ್ಟಿನಲ್ಲಿ ಹೊರಗೆ ಹೋಗಿ 'ಅವು ನನ್ನ ಶಾಟ್‌ಗಳು' ಅಂತ ಯೂಟ್ಯೂಬಿಗೆ ಕಾಪಿರೈಟ್ ದೂರು ಕೊಡಬಹುದು. ಇಂಥ ದೂರಿನಿಂದ 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಇದಕ್ಕೆ ಹಕ್ಕು ತಂಡಕ್ಕೆ ಸೇರಿದ್ದು ಅಂತ ಬರೆದು ಸಹಿ ಹಾಕಿಸಬೇಕು, ಬಾಯಿಮಾತು ನಡೆಯುವುದಿಲ್ಲ. ಅದರಲ್ಲೂ ಒಂದು ಗುಟ್ಟು ಉಂಟು. 1957ರ ಕಾಪಿರೈಟ್ ಕಾಯ್ದೆಯ ಸೆಕ್ಷನ್ 19ರ ಪ್ರಕಾರ, ಅವಧಿ ಬರೆಯದಿದ್ದರೆ ಹಕ್ಕು ಬರೆದುಕೊಟ್ಟದ್ದು 5 ವರ್ಷಕ್ಕೆ ಮಾತ್ರ. ಜಾಗ ಬರೆಯದಿದ್ದರೆ ಭಾರತದೊಳಗೆ ಮಾತ್ರ. ನಮ್ಮ ಕಂಬಳದ ವಿಡಿಯೋವನ್ನು ಗಲ್ಫ್‌ನಲ್ಲಿ ಕೂತು ನೋಡುವವರೂ ಇದ್ದಾರೆ. ಹಾಗಾಗಿ 'ಹಕ್ಕಿನ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ' ಅಂತ ಬಿಡಿಸಿ ಬರೆಯಿರಿ.

'ಬಿಟ್ಟ ಮೇಲೆ ಬೇರೆ ಚಾನೆಲ್ ಮಾಡಲೇಬಾರದು' ಅಂತ ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಅದು ನಿಲ್ಲುವುದು ಕಷ್ಟ. ಪಾಲುದಾರನಾಗಿದ್ದವನಿಗೆ ಇಷ್ಟು ಅವಧಿಗೆ ಅಥವಾ ಇಷ್ಟು ಪ್ರದೇಶದಲ್ಲಿ ಅಂತ ಮಿತಿ ಹಾಕಿ, ನ್ಯಾಯ ಅನಿಸುವಷ್ಟು ತಡೆ ಮಾತ್ರ ಹಾಕಬಹುದು. ಇವರು ಬರೆದುಕೊಂಡದ್ದು ಹೀಗೆ: ಆರು ತಿಂಗಳು ಕಂಬಳದ ಚಾನೆಲ್ ಮಾಡುವ ಹಾಗಿಲ್ಲ, ಬೇರೆ ವಿಷಯಕ್ಕೆ ಅಡ್ಡಿ ಇಲ್ಲ, ಹಳೆಯ ಹೆಸರು ಮತ್ತು ಲೋಗೋ ತಂಡದ್ದು. ಮಾತಾಡುವುದೇ ಅವನ ಕಸುಬು, ಅದನ್ನೇ ಕಟ್ಟಿಹಾಕುವುದು ಅನ್ಯಾಯ ಅಂತ ನನಗೂ ಅನಿಸುತ್ತದೆ.

ಕೊನೆಗೆ, ಪತ್ರವನ್ನು ಛಾಪಾ ಕಾಗದದಲ್ಲಿ ಮಾಡಿ ಕಪಾಟಿನಲ್ಲಿ ಇಟ್ಟರೆ ಸಾಲದು. ಸಂಸ್ಥೆಯನ್ನು ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಹತ್ತಿರ ನೋಂದಾಯಿಸಿ. ಇದು ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದಿದ್ದರೆ, ಸಂಸ್ಥೆ ನಡೆಯುತ್ತಿರುವಾಗ ಒಪ್ಪಂದದ ಹಕ್ಕು ಕೇಳಿಕೊಂಡು ಒಬ್ಬ ಪಾಲುದಾರ ಇನ್ನೊಬ್ಬನ ಮೇಲೆ ಕೋರ್ಟಿಗೆ ಹೋಗಲು ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69 ಬಿಡುವುದಿಲ್ಲ. ಸಂಸ್ಥೆಯನ್ನು ಮುಚ್ಚಿ ಲೆಕ್ಕ ಕೊಡಿ ಅಂತ ಕೇಳಬಹುದು, ಅಷ್ಟೇ.